ಬೆಂಗಳೂರಿನಲ್ಲಿ ಬಾಡಿಗೆ ಮನೆ ಇದ್ದರೆ ಎಚ್‌ಆರ್‌ಎ ಪೂರ್ತಿ ಟ್ಯಾಕ್ಸ್ ಫ್ರೀ: ಈ ಮೆಸೇಜ್ ನಿಜವೇ?

ಪ್ರತಿ ವರ್ಷ ಜನವರಿ ಬಂತೆಂದರೆ ಸಾಕು, ಆಫೀಸಿನ ಎಚ್‌ಆರ್ ವಿಭಾಗದಿಂದ "ಬಾಡಿಗೆ ರಸೀದಿ ಕೊಡಿ" ಎಂಬ ಮೇಲ್ ಬರುತ್ತದೆ. ಅದರ ಹಿಂದೆಯೇ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡಲು ಶುರುವಾಗುತ್ತದೆ. ಅದರ ಸಾರ ಇಷ್ಟು: "ಬೆಂಗಳೂರು ಈಗ ಮೆಟ್ರೋ ಸಿಟಿ. ಬೇಸಿಕ್‌ನ ಶೇ 50ರಷ್ಟು ಎಚ್‌ಆರ್‌ಎಗೆ ತೆರಿಗೆ ಇಲ್ಲ. ಬಾಡಿಗೆ ರಸೀದಿ ಕೊಟ್ಟರೆ ಸಾಕು, ಪೂರ್ತಿ ಹಣ ಉಳಿಯುತ್ತದೆ. ಎಲ್ಲರಿಗೂ ಶೇರ್ ಮಾಡಿ."

ನನ್ನ ಫೋನಿಗೂ ಇದು ಮೂರು ಬೇರೆ ಬೇರೆ ಗ್ರೂಪ್‌ಗಳಿಂದ ಬಂತು. ಕಳಿಸಿದವರಲ್ಲಿ ಒಬ್ಬರು ಹೊಸದಾಗಿ ಕೆಲಸಕ್ಕೆ ಸೇರಿದವರು, ಇನ್ನೊಬ್ಬರು ನಿವೃತ್ತಿಗೆ ಹತ್ತಿರ ಇರುವವರು. ಅಂದರೆ ಈ ಗೊಂದಲಕ್ಕೆ ವಯಸ್ಸಿನ ಭೇದವಿಲ್ಲ. ಹಾಗಾದರೆ ಈ ಮೆಸೇಜ್‌ನಲ್ಲಿ ಎಷ್ಟು ನಿಜ? ಒಂದು ಸ್ಯಾಲರಿ ಸ್ಲಿಪ್ ಮುಂದಿಟ್ಟುಕೊಂಡು ಲೆಕ್ಕ ಹಾಕಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಮೆಸೇಜ್‌ನಲ್ಲಿ ಮೂರು ತಪ್ಪುಗಳಿವೆ. ಒಂದು, 2025-26ನೇ ಹಣಕಾಸು ವರ್ಷದ ಲೆಕ್ಕಕ್ಕೆ ಬೆಂಗಳೂರು ಶೇ 50ರ ಪಟ್ಟಿಯಲ್ಲಿ ಇಲ್ಲ, ಶೇ 40ರಲ್ಲಿದೆ. ಎರಡು, ಶೇ 50 ಆಗಲಿ ಶೇ 40 ಆಗಲಿ ನಿಮಗೆ ಸಿಗುವ ವಿನಾಯಿತಿ ಅಲ್ಲ. ಅದು ಮೂರು ಮಿತಿಗಳಲ್ಲಿ ಒಂದು ಮಾತ್ರ, ಮತ್ತು ಹೆಚ್ಚಿನವರಿಗೆ ಲೆಕ್ಕ ನಿಲ್ಲುವುದು ಬೇರೆ ಮಿತಿಯಲ್ಲಿ. ಮೂರು, ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಬಾಡಿಗೆ ರಸೀದಿಯಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಇಲ್ಲಿರುವ ಲೆಕ್ಕವೆಲ್ಲ 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಸಂಬಳಕ್ಕೆ, 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಮಾಡಿದ್ದು. 2026ರ ಏಪ್ರಿಲ್ 1ರ ನಂತರದ ಸಂಬಳಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುತ್ತದೆ. ಆ ಅವಧಿಯ ನಗರಗಳ ಪಟ್ಟಿಯನ್ನು ಹೊಸ ನಿಯಮಗಳಲ್ಲೇ ನೋಡಬೇಕು. ಯಾವ ವರ್ಷದ್ದು ಎಂದು ಹೇಳದ ತೆರಿಗೆ ಮೆಸೇಜ್ ಅನ್ನು ನಂಬದಿರಲು ಇದೊಂದೇ ಕಾರಣ ಸಾಕು.

ಸ್ಯಾಲರಿ ಸ್ಲಿಪ್‌ನಲ್ಲಿ ನೋಡಬೇಕಾದದ್ದು ಎರಡೇ ಸಾಲು

ಸ್ಯಾಲರಿ ಸ್ಲಿಪ್ ತೆಗೆದರೆ ಎಡಗಡೆ ಗಳಿಕೆಯ ಸಾಲುಗಳು, ಬಲಗಡೆ ಕಡಿತದ ಸಾಲುಗಳು ಇರುವುದು ಸಾಮಾನ್ಯ. ನಮ್ಮ ಲೆಕ್ಕಕ್ಕೆ ಬೇಕಾದದ್ದು ಗಳಿಕೆಯ ಕಡೆ ಇರುವ ಎರಡು ಸಾಲು: ಬೇಸಿಕ್ ಮತ್ತು ಎಚ್‌ಆರ್‌ಎ.

ಬೇಸಿಕ್ ಎಂದರೆ ಮೂಲ ವೇತನ. ಲೆಕ್ಕದಲ್ಲಿ "ಸಂಬಳ" ಎಂದು ಬರುವ ಕಡೆಯೆಲ್ಲ ಈ ಮೂಲ ವೇತನವನ್ನೇ ತೆಗೆದುಕೊಳ್ಳಬೇಕು. ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ತಿಂಗಳಿಗೆ ಕೈಗೆ ಬರುವ ಹಣವನ್ನೋ, ಆಫರ್ ಲೆಟರ್‌ನಲ್ಲಿ ಬರೆದಿರುವ ಸಿಟಿಸಿಯನ್ನೋ ಹಿಡಿದು ಶೇಕಡಾವಾರು ಲೆಕ್ಕ ಹಾಕುತ್ತಾರೆ. ಎರಡೂ ತಪ್ಪು. ಸ್ಪೆಷಲ್ ಅಲೋಯನ್ಸ್, ಬೋನಸ್, ಓವರ್‌ಟೈಮ್ ಯಾವುದೂ ಈ ಲೆಕ್ಕಕ್ಕೆ ಸೇರುವುದಿಲ್ಲ.

ಸರ್ಕಾರಿ ನೌಕರರಿಗೆ ಒಂದು ವ್ಯತ್ಯಾಸವಿದೆ. ತುಟ್ಟಿಭತ್ಯೆ, ಅಂದರೆ ಡಿಎ, ನಿವೃತ್ತಿ ಸೌಲಭ್ಯದ ಲೆಕ್ಕಕ್ಕೆ ಸೇರುವುದಾದರೆ ಅದನ್ನು ಮೂಲ ವೇತನಕ್ಕೆ ಕೂಡಿಸಿಕೊಳ್ಳಬೇಕು. ಉದಾಹರಣೆಗೆ ಮೂಲ ವೇತನ ₹40,000, ಡಿಎ ₹6,000 ಇದ್ದರೆ ಲೆಕ್ಕಕ್ಕೆ ಸಂಬಳ ₹46,000. ಖಾಸಗಿ ಕಂಪನಿಗಳ ಬಹುತೇಕ ಸ್ಲಿಪ್‌ಗಳಲ್ಲಿ ಡಿಎ ಸಾಲೇ ಇರುವುದಿಲ್ಲ. ಮಾರಾಟದ ಮೇಲೆ ನಿಗದಿತ ಶೇಕಡಾವಾರು ಕಮಿಷನ್ ಪಡೆಯುವವರು ಮಾತ್ರ ಅದನ್ನೂ ಸೇರಿಸಿಕೊಳ್ಳಬೇಕು.

ಎಚ್‌ಆರ್‌ಎ ಸಾಲಿನಲ್ಲಿ ಇರುವುದು ಕಂಪನಿ ನಿಮಗೆ ಮನೆ ಬಾಡಿಗೆ ಭತ್ಯೆ ಎಂದು ಕೊಡುವ ಹಣ. ನೀವು ಕೊಡುವ ಬಾಡಿಗೆಗೂ ಇದಕ್ಕೂ ಸಂಬಂಧ ಇರಬೇಕೆಂದಿಲ್ಲ. ಎಷ್ಟೋ ಕಂಪನಿಗಳು ಎಲ್ಲರಿಗೂ ಬೇಸಿಕ್‌ನ ಅರ್ಧದಷ್ಟನ್ನು ಎಚ್‌ಆರ್‌ಎ ಎಂದು ತೋರಿಸಿಬಿಡುತ್ತವೆ. "ಸ್ಲಿಪ್‌ನಲ್ಲೇ ಶೇ 50 ಅಂತ ಇದೆಯಲ್ಲ, ಅಷ್ಟಕ್ಕೂ ತೆರಿಗೆ ಇಲ್ಲ" ಎಂಬ ತಪ್ಪು ತಿಳಿವಳಿಕೆಗೆ ಇದೂ ಒಂದು ಕಾರಣ. ಕಂಪನಿ ಎಷ್ಟು ಕೊಡುತ್ತದೆ ಎಂಬುದು ಕಂಪನಿಯ ನಿರ್ಧಾರ. ಅದರಲ್ಲಿ ಎಷ್ಟಕ್ಕೆ ತೆರಿಗೆ ಇಲ್ಲ ಎಂಬುದನ್ನು ಹೇಳುವುದು ಕಾಯ್ದೆ.

ಮೂರು ಮೊತ್ತ, ಅದರಲ್ಲಿ ಕಡಿಮೆಯದು ನಿಮ್ಮದು

ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(13ಎ) ಮತ್ತು ನಿಯಮ 2ಎ ಈ ವಿನಾಯಿತಿಯ ಬಗ್ಗೆ ಹೇಳುತ್ತವೆ. ಭಾಷೆ ಬಿಗಿಯಾಗಿದ್ದರೂ ವಿಷಯ ಸರಳ. ಮೂರು ಮೊತ್ತಗಳನ್ನು ಲೆಕ್ಕ ಹಾಕಬೇಕು:

1. ನಿಮಗೆ ನಿಜವಾಗಿ ಬಂದ ಎಚ್‌ಆರ್‌ಎ.
2. ನೀವು ಕೊಟ್ಟ ಬಾಡಿಗೆಯಲ್ಲಿ ಬೇಸಿಕ್‌ನ ಶೇ 10ರಷ್ಟನ್ನು ಕಳೆದರೆ ಉಳಿಯುವ ಹಣ.
3. ಮನೆ ಮುಂಬೈ, ದೆಹಲಿ, ಕೋಲ್ಕತ್ತ ಅಥವಾ ಚೆನ್ನೈನಲ್ಲಿದ್ದರೆ ಬೇಸಿಕ್‌ನ ಶೇ 50, ಬೇರೆ ಯಾವುದೇ ಊರಿನಲ್ಲಿದ್ದರೆ ಶೇ 40.

ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಮಾತ್ರ ತೆರಿಗೆ ಇಲ್ಲ. ಉಳಿದ ಎಚ್‌ಆರ್‌ಎ ಉಳಿದ ಸಂಬಳದ ಹಾಗೆಯೇ ತೆರಿಗೆಗೆ ಒಳಪಡುತ್ತದೆ.

ಮೆಸೇಜ್ ಬರೆದವರು ಮೂರನೆಯದನ್ನು ಮಾತ್ರ ಹಿಡಿದುಕೊಂಡು ಉಳಿದೆರಡನ್ನು ಬಿಟ್ಟುಬಿಟ್ಟಿದ್ದಾರೆ. ಎರಡನೆಯ ಸಾಲಿನ ಹಿಂದಿನ ಯೋಚನೆ ಹೀಗಿದೆ: ಸಂಬಳದ ಹತ್ತನೇ ಒಂದು ಭಾಗವನ್ನು ಮನೆಗೆಂದು ಯಾರಾದರೂ ಖರ್ಚು ಮಾಡಿಯೇ ಮಾಡುತ್ತಾರೆ, ಅದರ ಮೇಲಿನ ಹೊರೆಗೆ ಮಾತ್ರ ಸರ್ಕಾರ ರಿಯಾಯಿತಿ ಕೊಡುತ್ತದೆ. ಹಾಗಾಗಿ ನಿಮ್ಮ ಬಾಡಿಗೆ ಬೇಸಿಕ್‌ನ ಶೇ 10ಕ್ಕಿಂತ ಕಡಿಮೆ ಇದ್ದರೆ ವಿನಾಯಿತಿ ಸೊನ್ನೆ.

ಒಂದು ಸ್ಲಿಪ್, ಒಂದು ಲೆಕ್ಕ

ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸುಮಾ ಎಂದು ಕರೆಯೋಣ. ಇದು ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ವ್ಯಕ್ತಿ. ಏಪ್ರಿಲ್ ತಿಂಗಳ ಸ್ಲಿಪ್‌ನಲ್ಲಿ ಬೇಸಿಕ್ ₹60,000, ಎಚ್‌ಆರ್‌ಎ ₹30,000, ಸ್ಪೆಷಲ್ ಅಲೋಯನ್ಸ್ ₹30,000 ಇದೆ. ಒಟ್ಟು ₹1,20,000. ವಿಜಯನಗರದಲ್ಲಿರುವ ಮನೆಗೆ ತಿಂಗಳಿಗೆ ₹25,000 ಬಾಡಿಗೆ.

ಮೊದಲ ಮೊತ್ತ, ಬಂದ ಎಚ್‌ಆರ್‌ಎ: ₹30,000.

ಎರಡನೆಯದು, ಬಾಡಿಗೆ ₹25,000. ಬೇಸಿಕ್‌ನ ಶೇ 10 ಎಂದರೆ ₹6,000. ಕಳೆದರೆ ₹19,000.

ಮೂರನೆಯದು, ಬೆಂಗಳೂರಿನಲ್ಲಿರುವುದರಿಂದ ಬೇಸಿಕ್‌ನ ಶೇ 40: ₹24,000.

ಮೂರರಲ್ಲಿ ಕಡಿಮೆ ₹19,000. ಅಂದರೆ ₹30,000 ಎಚ್‌ಆರ್‌ಎಯಲ್ಲಿ ₹19,000ಕ್ಕೆ ತೆರಿಗೆ ಇಲ್ಲ, ಉಳಿದ ₹11,000ಕ್ಕೆ ಇದೆ.

ಮೆಸೇಜ್ ಹೇಳಿದ ಪ್ರಕಾರ ಪೂರ್ತಿ ₹30,000 ಉಳಿಯಬೇಕಿತ್ತು. ಲೆಕ್ಕ ಹಾಗೆ ಹೇಳುತ್ತಿಲ್ಲ. ಹಾಗಾದರೆ ಬೆಂಗಳೂರು ನಿಜವಾಗಿಯೂ ಶೇ 50ರ ಪಟ್ಟಿಯಲ್ಲಿದ್ದಿದ್ದರೆ ಏನಾಗುತ್ತಿತ್ತು? ಮೂರನೆಯ ಮೊತ್ತ ₹24,000ದ ಬದಲು ₹30,000 ಆಗುತ್ತಿತ್ತು. ಆದರೆ ಮೂರರಲ್ಲಿ ಕಡಿಮೆಯದು ಆಗಲೂ ₹19,000ವೇ. ಸುಮಾ ಅವರಿಗೆ ಒಂದು ರೂಪಾಯಿಯ ವ್ಯತ್ಯಾಸವೂ ಆಗುತ್ತಿರಲಿಲ್ಲ.

"ಬೆಂಗಳೂರು ಮೆಟ್ರೋನಾ?" ಎಂಬ ಪ್ರಶ್ನೆ ಯಾರಿಗೆ ಮುಖ್ಯ?

ಎರಡನೆಯ ಮತ್ತು ಮೂರನೆಯ ಸಾಲನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸುಲಭ ಸೂತ್ರ ಸಿಗುತ್ತದೆ. ಬಾಡಿಗೆಯಿಂದ ಬೇಸಿಕ್‌ನ ಶೇ 10 ಕಳೆದ ಮೇಲೂ ಶೇ 40ಕ್ಕಿಂತ ಹೆಚ್ಚು ಉಳಿಯಬೇಕಾದರೆ, ಬಾಡಿಗೆ ಬೇಸಿಕ್‌ನ ಅರ್ಧವನ್ನು ದಾಟಿರಬೇಕು. ದಾಟದಿದ್ದರೆ ಶೇ 40ರ ಮಿತಿ ನಿಮ್ಮನ್ನು ಮುಟ್ಟುವುದೇ ಇಲ್ಲ.

ಸುಮಾ ಅವರ ಬೇಸಿಕ್‌ನ ಅರ್ಧ ₹30,000. ಅವರ ಬಾಡಿಗೆ ₹25,000. ಹಾಗಾಗಿ ನಗರದ ಪ್ರಶ್ನೆ ಅವರಿಗೆ ಬರುವುದಿಲ್ಲ. ಅವರು ₹36,000 ಬಾಡಿಗೆಯ ಮನೆಯಲ್ಲಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಎರಡನೆಯ ಮೊತ್ತ ₹30,000 ಆಗುತ್ತದೆ. ಬೆಂಗಳೂರಿನಲ್ಲಿ ಶೇ 40ರ ಮಿತಿ ಅಡ್ಡ ಬಂದು ವಿನಾಯಿತಿ ₹24,000ಕ್ಕೆ ನಿಲ್ಲುತ್ತದೆ. ಅದೇ ಸಂಬಳ, ಅದೇ ಬಾಡಿಗೆ ಚೆನ್ನೈನಲ್ಲಾದರೆ ₹30,000 ಸಿಗುತ್ತದೆ. ಇಲ್ಲೂ ಇನ್ನೊಂದು ಷರತ್ತಿದೆ: ಕಂಪನಿ ಕೊಡುವ ಎಚ್‌ಆರ್‌ಎಯೇ ಬೇಸಿಕ್‌ನ ಶೇ 40ರಷ್ಟಿದ್ದರೆ, ಚೆನ್ನೈನಲ್ಲಿದ್ದರೂ ಅದನ್ನು ಮೀರಿ ಸಿಗುವುದಿಲ್ಲ.

ಹಾಗಾದರೆ ಬೆಂಗಳೂರು ಮೆಟ್ರೋ ಎಂಬ ಮಾತು ಎಲ್ಲಿಂದ ಬಂತು? ಒಂದು ಕಾರಣ ಕೇಂದ್ರ ಸರ್ಕಾರಿ ನೌಕರರ ಎಚ್‌ಆರ್‌ಎ ಪಟ್ಟಿ ಇರಬಹುದು. ಅಲ್ಲಿ ನಗರಗಳನ್ನು ಎಕ್ಸ್, ವೈ, ಝಡ್ ಎಂದು ವಿಂಗಡಿಸಿದ್ದಾರೆ. ಅತಿ ಹೆಚ್ಚು ಎಚ್‌ಆರ್‌ಎ ಸಿಗುವ ಎಕ್ಸ್ ದರ್ಜೆಯಲ್ಲಿ ಬೆಂಗಳೂರು, ಹೈದರಾಬಾದ್, ಪುಣೆ, ಅಹಮದಾಬಾದ್ ಕೂಡ ಇವೆ. ಆದರೆ ಆ ಪಟ್ಟಿ ಹೇಳುವುದು ನೌಕರರಿಗೆ ಎಷ್ಟು ಎಚ್‌ಆರ್‌ಎ ಕೊಡಬೇಕು ಎಂಬುದನ್ನು. ಎಷ್ಟಕ್ಕೆ ತೆರಿಗೆ ಇಲ್ಲ ಎಂದು ಹೇಳುವುದು ನಿಯಮ 2ಎ. ಅದರಲ್ಲಿ ನಾಲ್ಕೇ ಊರುಗಳ ಹೆಸರಿದೆ. ನಮ್ಮ ಮೆಟ್ರೋ ರೈಲು ಓಡುತ್ತದೆ ಎಂಬುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಇನ್ನೊಂದು ವಿಷಯ. ನೋಡಬೇಕಾದದ್ದು ಬಾಡಿಗೆ ಮನೆ ಎಲ್ಲಿದೆ ಎಂಬುದನ್ನು, ಕಂಪನಿಯ ಮುಖ್ಯ ಕಚೇರಿ ಎಲ್ಲಿದೆ ಎಂಬುದನ್ನಲ್ಲ. ಮುಂಬೈ ಕಂಪನಿಗೆ ಹುಬ್ಬಳ್ಳಿಯ ಬಾಡಿಗೆ ಮನೆಯಿಂದ ವರ್ಕ್ ಫ್ರಮ್ ಹೋಮ್ ಮಾಡುವವರಿಗೆ ಶೇ 40. ದೆಹಲಿಯಲ್ಲಿ ಆಫೀಸು ಇದ್ದು ಗುರುಗ್ರಾಮ ಅಥವಾ ನೋಯ್ಡಾದಲ್ಲಿ ಮನೆ ಮಾಡಿರುವ ಕನ್ನಡಿಗರಿಗೂ ಶೇ 40.

ಸಂಬಳ ಹೆಚ್ಚಾದರೆ ವಿನಾಯಿತಿ ಕಡಿಮೆಯಾಗಬಹುದು!

ಕೇಳಲು ವಿಚಿತ್ರ ಅನ್ನಿಸಿದರೂ ಇದು ನಿಜ. ಅಕ್ಟೋಬರ್‌ನಲ್ಲಿ ಸುಮಾ ಅವರಿಗೆ ಸಂಬಳ ಹೆಚ್ಚಾಯಿತು ಎಂದುಕೊಳ್ಳಿ. ಬೇಸಿಕ್ ₹70,000, ಎಚ್‌ಆರ್‌ಎ ₹35,000 ಆಯಿತು. ಬಾಡಿಗೆ ಮಾತ್ರ ಅದೇ ₹25,000. ಈಗ ಬೇಸಿಕ್‌ನ ಶೇ 10 ಎಂದರೆ ₹7,000. ಎರಡನೆಯ ಮೊತ್ತ ₹18,000ಕ್ಕೆ ಇಳಿಯಿತು. ಎಚ್‌ಆರ್‌ಎ ₹5,000 ಏರಿದರೂ ವಿನಾಯಿತಿ ₹1,000 ಕಡಿಮೆಯಾಯಿತು.

ಹೀಗಾಗಿ ಬೇಸಿಕ್, ಎಚ್‌ಆರ್‌ಎ, ಬಾಡಿಗೆ, ಊರು, ಈ ನಾಲ್ಕರಲ್ಲಿ ಯಾವುದಾದರೂ ಬದಲಾದ ತಿಂಗಳಿನಿಂದ ಹೊಸದಾಗಿ ಲೆಕ್ಕ ಹಾಕಬೇಕು. ಸುಮಾ ಅವರ ವರ್ಷದ ಲೆಕ್ಕ ಹೀಗಾಗುತ್ತದೆ: ಮೊದಲ ಆರು ತಿಂಗಳು ₹19,000ದಂತೆ ₹1,14,000, ನಂತರದ ಆರು ತಿಂಗಳು ₹18,000ದಂತೆ ₹1,08,000. ಒಟ್ಟು ವಿನಾಯಿತಿ ₹2,22,000. ವರ್ಷದಲ್ಲಿ ಬಂದ ಎಚ್‌ಆರ್‌ಎ ₹3,90,000. ಉಳಿದ ₹1,68,000ಕ್ಕೆ ತೆರಿಗೆ ಇದೆ.

ವರ್ಷದ ಮಧ್ಯೆ ಬಾಡಿಗೆ ಮನೆಗೆ ಬಂದವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ₹60,000 ಬೇಸಿಕ್ ಇರುವವರು ಆರು ತಿಂಗಳು ಮಾತ್ರ ₹25,000 ಬಾಡಿಗೆ ಕೊಟ್ಟಿದ್ದಾರೆ ಎಂದುಕೊಳ್ಳಿ. ಸರಿಯಾದ ಲೆಕ್ಕದಲ್ಲಿ ಆ ಆರು ತಿಂಗಳಿಗೆ ₹19,000ದಂತೆ ₹1,14,000 ವಿನಾಯಿತಿ. ಆದರೆ ಆರು ತಿಂಗಳ ಬಾಡಿಗೆ ₹1,50,000ದಿಂದ ಇಡೀ ವರ್ಷದ ಬೇಸಿಕ್‌ನ ಶೇ 10, ಅಂದರೆ ₹72,000 ಕಳೆದುಬಿಟ್ಟರೆ ಉಳಿಯುವುದು ₹78,000 ಮಾತ್ರ. ₹36,000 ವಿನಾಯಿತಿ ಸುಮ್ಮನೆ ಕೈತಪ್ಪಿ ಹೋಗುತ್ತದೆ. ಬಾಡಿಗೆ ಮನೆಯಲ್ಲಿದ್ದ ತಿಂಗಳುಗಳ ಬೇಸಿಕ್ ಅನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಂಪನಿ ಕೊಡುವ ಫಾರಂ 16ರ ಬಿ ಭಾಗದಲ್ಲಿ ಸೆಕ್ಷನ್ 10(13ಎ) ಎಂಬ ಸಾಲಿನ ಎದುರು ಇರುವ ಮೊತ್ತವನ್ನು ನಿಮ್ಮ ತಿಂಗಳವಾರು ಲೆಕ್ಕದ ಜೊತೆ ಹೋಲಿಸಿದರೆ ಇಂಥ ತಪ್ಪು ಗೊತ್ತಾಗುತ್ತದೆ.

ರಸೀದಿಯಲ್ಲಿ ಏನಿರಬೇಕು, ಯಾವುದು ಬಾಡಿಗೆ ಅಲ್ಲ

ರಸೀದಿಗೆ ವಿಶೇಷ ನಮೂನೆ ಏನೂ ಬೇಡ. ಬಾಡಿಗೆದಾರರ ಹೆಸರು, ಮನೆಯ ವಿಳಾಸ, ಯಾವ ತಿಂಗಳ ಬಾಡಿಗೆ, ಎಷ್ಟು ಹಣ, ಮನೆ ಮಾಲೀಕರ ಹೆಸರು ಮತ್ತು ಸಹಿ ಇದ್ದರೆ ಆಯಿತು. ನಗದಾಗಿ ಕೊಟ್ಟು, ಮೊತ್ತ ₹5,000 ಮೀರಿದರೆ ರಸೀದಿಯ ಮೇಲೆ 1 ರೂಪಾಯಿಯ ರೆವೆನ್ಯೂ ಸ್ಟಾಂಪ್ ಹಚ್ಚಿಸಿಕೊಳ್ಳಿ. ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಡುವುದು ಇನ್ನೂ ಒಳ್ಳೆಯದು. ಏಕೆಂದರೆ ನಾಳೆ ಯಾರಾದರೂ ಕೇಳಿದರೆ ರಸೀದಿಗಿಂತ ಗಟ್ಟಿಯಾದ ಸಾಕ್ಷಿ ಬ್ಯಾಂಕ್ ಸ್ಟೇಟ್‌ಮೆಂಟ್.

ವರ್ಷದ ಬಾಡಿಗೆ ₹1 ಲಕ್ಷ ಮೀರಿದರೆ ಮನೆ ಮಾಲೀಕರ ಪ್ಯಾನ್ ನಂಬರನ್ನು ಕಂಪನಿಗೆ ಕೊಡಬೇಕು. ಇದನ್ನು ಬರೆಯುವುದು ಫಾರಂ 12ಬಿಬಿಯಲ್ಲಿ. ತಿಂಗಳಿಗೆ ಸುಮಾರು ₹8,333 ದಾಟಿದರೆ ಈ ಮಿತಿ ಮೀರಿದಂತೆಯೇ. ಪ್ಯಾನ್ ಕೊಟ್ಟ ಮೇಲೆ ನೀವು ಕೊಟ್ಟ ಬಾಡಿಗೆಯನ್ನೂ ಮಾಲೀಕರು ತೋರಿಸಿದ ಆದಾಯವನ್ನೂ ಇಲಾಖೆ ಹೋಲಿಸಿ ನೋಡಬಹುದು. "ಯಾರದೋ ಪ್ಯಾನ್ ಹಾಕಿ, ಯಾರಿಗೂ ಗೊತ್ತಾಗಲ್ಲ" ಎಂಬ ಸಲಹೆ ಅಪಾಯಕಾರಿ ಆಗುವುದು ಇಲ್ಲಿಯೇ. ಆದಾಯವನ್ನು ಬೇಕೆಂದೇ ತಪ್ಪಾಗಿ ತೋರಿಸಿದ್ದು ಸಾಬೀತಾದರೆ, ಉಳಿಸಿಕೊಂಡ ತೆರಿಗೆಯ ಶೇ 200ರಷ್ಟು ದಂಡ ಹಾಕಲು ಸೆಕ್ಷನ್ 270ಎ ಅವಕಾಶ ಕೊಡುತ್ತದೆ. ತೆರಿಗೆ ಮತ್ತು ಬಡ್ಡಿ ಅದರ ಜೊತೆಗೆ.

ಇನ್ನು ನಮ್ಮ ಬೆಂಗಳೂರಿಗೇ ವಿಶೇಷವಾದ ಎರಡು ಸಂಗತಿಗಳಿವೆ. ಮೊದಲನೆಯದು ಅಡ್ವಾನ್ಸ್. ಮನೆ ಹಿಡಿಯುವಾಗ ಕೊಡುವ ಎಂಟು-ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಹಣ ಬಾಡಿಗೆ ಅಲ್ಲ. ಮನೆ ಬಿಡುವಾಗ ಅದು ವಾಪಸ್ ಬರಬೇಕಾದ ಹಣ. ಅದನ್ನು ಬಾಡಿಗೆಗೆ ಸೇರಿಸಿ ರಸೀದಿ ಮಾಡಿಸಿದರೆ ಅದು ತಪ್ಪು ಲೆಕ್ಕ.

ಎರಡನೆಯದು ಲೀಸ್, ಅಂದರೆ ಹಳಬರು ಭೋಗ್ಯ ಎನ್ನುವ ಪದ್ಧತಿ. ಮಾಲೀಕರಿಗೆ ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು, ಎರಡು-ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸ್ ಪಡೆಯುತ್ತಾರೆ. ಇಲ್ಲಿ ತಿಂಗಳ ಬಾಡಿಗೆ ಎಂಬ ಖರ್ಚೇ ಇಲ್ಲ. ಖರ್ಚು ಇಲ್ಲದಿದ್ದರೆ ಎಚ್‌ಆರ್‌ಎ ವಿನಾಯಿತಿಯೂ ಇಲ್ಲ. ಲೀಸ್ ಮನೆಯಲ್ಲಿದ್ದುಕೊಂಡು ಬಾಡಿಗೆ ರಸೀದಿ ಕೊಡುವವರು ಗೊತ್ತಿಲ್ಲದೆಯೇ ಸುಳ್ಳು ದಾಖಲೆ ಕೊಟ್ಟಂತಾಗುತ್ತದೆ. ಸ್ವಂತ ಮನೆಯಲ್ಲಿ ಇರುವವರಿಗೂ ಈ ವಿನಾಯಿತಿ ಇಲ್ಲ. ಕರೆಂಟ್ ಬಿಲ್ಲು, ನೀರಿನ ಬಿಲ್ಲನ್ನೂ ಬಾಡಿಗೆ ಎಂದು ತೋರಿಸುವಂತಿಲ್ಲ.

ಅಪ್ಪ ಅಮ್ಮನ ಮನೆಯಲ್ಲಿದ್ದರೆ? ಮನೆ ಅವರ ಹೆಸರಿನಲ್ಲಿದ್ದು, ನೀವು ನಿಜವಾಗಿಯೂ ತಿಂಗಳು ತಿಂಗಳು ಅವರ ಖಾತೆಗೆ ಬಾಡಿಗೆ ಹಾಕುತ್ತಿದ್ದರೆ ವಿನಾಯಿತಿ ಕೇಳಬಹುದು. ಅವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಮಾರ್ಚ್‌ನಲ್ಲಿ ಕೂತು ಹನ್ನೆರಡು ರಸೀದಿಗೆ ಒಟ್ಟಿಗೆ ಸಹಿ ಹಾಕಿಸಿಕೊಂಡು, ಹಣ ಮಾತ್ರ ಎಲ್ಲೂ ಹೋಗಿಲ್ಲ ಎಂದಾದರೆ ಅದು ಬಾಡಿಗೆ ಅಲ್ಲ, ಕಾಗದ ಅಷ್ಟೇ.

ಎಲ್ಲಕ್ಕಿಂತ ಮೊದಲ ಪ್ರಶ್ನೆ: ನೀವು ಹಳೆ ಪದ್ಧತಿಯೋ, ಹೊಸ ಪದ್ಧತಿಯೋ?

ಮೆಸೇಜ್ ಮುಚ್ಚಿಟ್ಟ ದೊಡ್ಡ ವಿಷಯ ಇದು. ಎಚ್‌ಆರ್‌ಎ ವಿನಾಯಿತಿ ಇರುವುದು ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಹಳೆಯದು ಬೇಕೆಂದರೆ ನೀವೇ ಕೇಳಿ ಆರಿಸಿಕೊಳ್ಳಬೇಕು.

2025-26ರಲ್ಲಿ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ ₹75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಅದರ ನಂತರ ಉಳಿದ ಆದಾಯ ₹12 ಲಕ್ಷದೊಳಗಿದ್ದರೆ ತೆರಿಗೆಯೇ ಇಲ್ಲ. ಅಂದರೆ ಸಂಬಳ ಬಿಟ್ಟು ಬೇರೆ ಆದಾಯ ಇಲ್ಲದವರ ವರ್ಷದ ಸಂಬಳ ₹12,75,000ದವರೆಗೆ ಇದ್ದರೆ, ಬಾಡಿಗೆ ರಸೀದಿಗಾಗಿ ಓಡಾಡುವ ಅಗತ್ಯವೇ ಇಲ್ಲ.

ಸುಮಾ ಅವರ ಸಂಬಳ ಇದಕ್ಕಿಂತ ಹೆಚ್ಚು. ಮೊದಲ ಆರು ತಿಂಗಳು ₹1,20,000, ನಂತರ ₹1,35,000. ಸೇರಿಸಿದರೆ ವರ್ಷಕ್ಕೆ ₹15,30,000. ಹೊಸ ಪದ್ಧತಿಯಲ್ಲಿ ಅವರ ತೆರಿಗೆ ಸೆಸ್ ಸೇರಿ ₹1,02,180.

ಹಳೆ ಪದ್ಧತಿಯಲ್ಲಿ ನೋಡೋಣ. ಸ್ಟ್ಯಾಂಡರ್ಡ್ ಡಿಡಕ್ಷನ್ ₹50,000, ಎಚ್‌ಆರ್‌ಎ ವಿನಾಯಿತಿ ₹2,22,000, ಪಿಎಫ್ ಮತ್ತು ಎಲ್‌ಐಸಿ ಸೇರಿ ಸೆಕ್ಷನ್ 80ಸಿಯ ಪೂರ್ತಿ ₹1,50,000 ಕಳೆಯೋಣ. ವೃತ್ತಿ ತೆರಿಗೆಯ ಸಣ್ಣ ಮೊತ್ತವನ್ನು ಸದ್ಯಕ್ಕೆ ಬಿಡೋಣ. ಉಳಿಯುವ ಆದಾಯ ₹11,08,000. ತೆರಿಗೆ ಸೆಸ್ ಸೇರಿ ₹1,50,696. ಹೊಸ ಪದ್ಧತಿಗಿಂತ ₹48,516 ಹೆಚ್ಚು!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೆಸೇಜ್ ಹೇಳಿದಂತೆ ಎಚ್‌ಆರ್‌ಎಯ ಪೂರ್ತಿ ₹3,90,000ಕ್ಕೂ ತೆರಿಗೆ ಇಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಹಳೆ ಪದ್ಧತಿಯ ತೆರಿಗೆ ₹1,04,520. ಹೊಸದಕ್ಕಿಂತ ಆಗಲೂ ₹2,340 ಹೆಚ್ಚೇ. ಅಂದರೆ ಸುಳ್ಳು ರಸೀದಿ ತಂದು ಬಾಡಿಗೆ ಹೆಚ್ಚಿಸಿ ತೋರಿಸಿದರೂ, ದಂಡದ ಭಯವನ್ನು ಹೊತ್ತುಕೊಂಡೂ, ಸುಮಾ ಅವರಿಗೆ ನಷ್ಟವೇ ಆಗುತ್ತಿತ್ತು.

ಹಾಗಾದರೆ ಎಚ್‌ಆರ್‌ಎ ಲೆಕ್ಕ ಯಾರಿಗೂ ಬೇಡವೇ? ಬೇಕು. ಇತರ ದೊಡ್ಡ ಕಡಿತಗಳೂ ಇರುವವರಿಗೆ ಬೇಕು. ಸುಮಾ ಅವರು ದಾವಣಗೆರೆಯಲ್ಲಿ ಅಪ್ಪ ಅಮ್ಮ ಇರಲೆಂದು ಗೃಹ ಸಾಲ ಮಾಡಿ ತಮ್ಮ ಹೆಸರಿನಲ್ಲಿ ಮನೆ ಕಟ್ಟಿಸಿದ್ದಾರೆ, ವರ್ಷಕ್ಕೆ ₹2 ಲಕ್ಷ ಬಡ್ಡಿ ಕಟ್ಟುತ್ತಾರೆ ಎಂದುಕೊಳ್ಳಿ. ಸ್ವಂತ ಮನೆ ಬೇರೆ ಊರಿನಲ್ಲಿದ್ದು, ಕೆಲಸದ ಊರಿನಲ್ಲಿ ಬಾಡಿಗೆಗೆ ಇರುವವರು ಹಳೆ ಪದ್ಧತಿಯಲ್ಲಿ ಎರಡನ್ನೂ ಕೇಳಬಹುದು. ಆಗ ಅವರ ಆದಾಯ ₹9,08,000ಕ್ಕೆ ಇಳಿದು ತೆರಿಗೆ ₹97,864 ಆಗುತ್ತದೆ. ಈಗ ಹಳೆ ಪದ್ಧತಿ ₹4,316 ಲಾಭ. ಈ ಲಾಭ ಸಣ್ಣದು, ಮತ್ತು ಅದು ನಿಂತಿರುವುದು ₹2,22,000 ಎಚ್‌ಆರ್‌ಎ ವಿನಾಯಿತಿ ಸರಿಯಾಗಿ ಲೆಕ್ಕವಾಗಿದೆಯೇ ಎಂಬುದರ ಮೇಲೆ. ಇಂಥವರಿಗೆ ತಿಂಗಳವಾರು ಲೆಕ್ಕ, ಒಂದೊಂದು ರಸೀದಿ ಎಲ್ಲವೂ ಮುಖ್ಯ.

ಜನವರಿಯಲ್ಲಿ ರಸೀದಿ ಕೊಡಲು ಮರೆತರೆ?

"ಕಂಪನಿಗೆ ರಸೀದಿ ಕೊಡದಿದ್ದರೆ ಹಣ ಹೋಯಿತು" ಎಂಬುದೂ ತಪ್ಪು ತಿಳಿವಳಿಕೆ. ಕಂಪನಿ ಹೆಚ್ಚು ಟಿಡಿಎಸ್ ಹಿಡಿದುಕೊಳ್ಳಬಹುದು, ಅಷ್ಟೇ. ನಿಜವಾಗಿ ಬಾಡಿಗೆ ಕೊಟ್ಟಿದ್ದರೆ ರಿಟರ್ನ್ ಸಲ್ಲಿಸುವಾಗ ನೀವೇ ವಿನಾಯಿತಿ ಕೇಳಿ, ಹೆಚ್ಚಾದ ಹಣವನ್ನು ರಿಫಂಡ್ ಆಗಿ ಪಡೆಯಬಹುದು. ಸಂಬಳದಾರರು ಹಳೆ ಪದ್ಧತಿಯನ್ನು ರಿಟರ್ನ್‌ನಲ್ಲೂ ಆರಿಸಿಕೊಳ್ಳಬಹುದು. ಆದರೆ ರಿಟರ್ನ್ ಅನ್ನು ಕೊನೆಯ ದಿನಾಂಕದೊಳಗೆ ಸಲ್ಲಿಸಿರಬೇಕು. ತಡವಾದರೆ ಹೊಸ ಪದ್ಧತಿಯೇ ಗತಿ.

ರಿಟರ್ನ್ ಜೊತೆ ರಸೀದಿ ಲಗತ್ತಿಸಬೇಕಾಗಿಲ್ಲ. ಆದರೆ ಬಾಡಿಗೆ ಕರಾರು ಪತ್ರ, ರಸೀದಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ನೋಟಿಸ್ ಬಂದರೆ ಕೇಳುವುದು ಇವನ್ನೇ.

ಕೊನೆಗೆ

ಬೆಂಗಳೂರಿನಲ್ಲಿದ್ದರೆ ಬೇಸಿಕ್‌ನ ಶೇ 50ರಷ್ಟು ಎಚ್‌ಆರ್‌ಎ ಪೂರ್ತಿ ತೆರಿಗೆಮುಕ್ತ ಎಂಬ ಮೆಸೇಜ್ 2025-26ರ ಲೆಕ್ಕಕ್ಕೆ ತಪ್ಪು. ಅದು ಮತ್ತೆ ನಿಮ್ಮ ಗ್ರೂಪ್‌ಗೆ ಬಂದರೆ ಇಷ್ಟು ಉತ್ತರ ಕಳಿಸಿ: "ಮೊದಲು ಹೊಸ ಪದ್ಧತಿಯಲ್ಲಿ ತೆರಿಗೆ ಎಷ್ಟು ನೋಡಿ. ಹಳೆಯದೇ ಲಾಭ ಅಂತಾದರೆ ಬಂದ ಎಚ್‌ಆರ್‌ಎ, ಬಾಡಿಗೆಯಲ್ಲಿ ಬೇಸಿಕ್‌ನ ಶೇ 10 ಕಳೆದ ಹಣ, ಬೇಸಿಕ್‌ನ ಶೇ 40, ಈ ಮೂರರಲ್ಲಿ ಕಡಿಮೆಯದಷ್ಟೇ ವಿನಾಯಿತಿ. ಬಾಡಿಗೆ ಬೇಸಿಕ್‌ನ ಅರ್ಧ ದಾಟದಿದ್ದರೆ ಮೆಟ್ರೋ ಹೌದೋ ಅಲ್ಲವೋ ಅನ್ನುವುದರಿಂದ ನಿಮಗೆ ವ್ಯತ್ಯಾಸವೇ ಆಗಲ್ಲ."